ಸುಂಕದ ಮೇಲಿನ ಸುಂಕಕ್ಕೊಂದು ದೊಡ್ಡ ನಮಸ್ಕಾರ

ಬಜೆಟ್ಟಿನ ಮರುದಿನ ಪತ್ರಿಕೆಗಳಲ್ಲಿ ಬರುವ ಆಮದು ಸುಂಕದ ಪಟ್ಟಿಯನ್ನು ನೋಡಿ, ಶೇ. 10 ಎಂದರೆ ನೂರಕ್ಕೆ ಹತ್ತು ರೂಪಾಯಿ ಎಂದು ನಂಬುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಂಥವರಿರುವುದರಿಂದಲೇ ಖಜಾನೆಗೆ ಯಾರೂ ಲೆಕ್ಕ ಕೇಳುವುದಿಲ್ಲ. ಮೂಡಿಗೆರೆ ಕಡೆಯ ಪ್ಲಾಂಟರ್ ಮಿತ್ರರಾದ ಗೌಡರು ಇಟಲಿಯಿಂದ ಕಾಫಿ ಹುರಿಯುವ ಸಣ್ಣ ಯಂತ್ರವೊಂದನ್ನು ತರಿಸಲು ಹೊರಟಾಗ ಕ್ಲಿಯರಿಂಗ್ ಏಜೆಂಟ್ ಕಳುಹಿಸಿದ ಲೆಕ್ಕದ ಹಾಳೆಯನ್ನು ನನಗೂ ತೋರಿಸಿದರು. ಅದನ್ನು ಓದಿದ ಮೇಲೆ ನಮ್ಮ ಸುಂಕ ವ್ಯವಸ್ಥೆಯ ಮೇಲಿನ ನನ್ನ ಗೌರವ ನೂರ್ಮಡಿಯಾಗಿದೆ.

ಲೆಕ್ಕ ಸುಲಭವಾಗಲೆಂದು ಯಂತ್ರದ ಬೆಲೆ 2,00,000 ರೂಪಾಯಿ, ಹಡಗಿನ ಬಾಡಿಗೆ 28,000, ವಿಮೆ 2,000, ಮೂಲ ಸುಂಕ ಶೇ. 10 ಎಂದಿಟ್ಟುಕೊಳ್ಳೋಣ. ಸುಂಕ ಬೀಳುವುದು ಯಂತ್ರದ ಬೆಲೆಯ ಮೇಲಷ್ಟೇ ಅಲ್ಲ, ಬಾಡಿಗೆ ಮತ್ತು ವಿಮೆಯನ್ನೂ ಕೂಡಿಸಿದ 2,30,000 ರೂಪಾಯಿಯ ಮೇಲೆ. ಇಲಾಖೆ ಅಸೆಸೆಬಲ್ ವ್ಯಾಲ್ಯೂ ಎನ್ನುವುದು ಇದನ್ನೇ. ವಿದೇಶಿ ಹಣವನ್ನು ರೂಪಾಯಿಗೆ ತಿರುಗಿಸುವುದೂ ನಿಮ್ಮ ಬ್ಯಾಂಕು ಕೊಟ್ಟ ದರದಲ್ಲಲ್ಲ, ಇಲಾಖೆ ಪ್ರಕಟಿಸಿದ ದರದಲ್ಲಿ.

“ಅಲ್ಲ ಸ್ವಾಮಿ, ಸಮುದ್ರದ ಮೇಲೆ ತೇಲಿ ಬಂದದ್ದಕ್ಕೂ ಸುಂಕವೇ?” ಎಂದು ನಮ್ಮ ಗೌಡರು ಫೋನಿನಲ್ಲಿ ಕೇಳಿದರು.

“ಸರ್, ಬಾಡಿಗೆಯ ದಾಖಲೆ ಜೋಪಾನವಾಗಿಡಿ. ಅದು ಸಿಗದಿದ್ದರೆ ಯಂತ್ರದ ಬೆಲೆಯ ಇಪ್ಪತ್ತು ಪರ್ಸೆಂಟನ್ನು ಬಾಡಿಗೆ ಅಂತ ಅವರೇ ಹಿಡಿದುಕೊಳ್ಳುತ್ತಾರೆ” ಎಂದರು ಏಜೆಂಟರು.

ಆತ ಹೇಳಿದ್ದು ನಿಜ. 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ಬಾಡಿಗೆ ಎಷ್ಟೆಂದು ತಿಳಿಯದಿದ್ದರೆ ಬೆಲೆಯ ಶೇ. 20, ವಿಮೆ ತಿಳಿಯದಿದ್ದರೆ ಶೇ. 1.125. ಅಂದರೆ 30,000ದ ಬದಲು 42,250 ರೂಪಾಯಿ. ಯಾವ ಹಡಗಿನವನೂ ಕೇಳದ, ಯಾರೂ ಕೊಡದ 12,250 ರೂಪಾಯಿಯ ಕಾಲ್ಪನಿಕ ಬಾಡಿಗೆ-ವಿಮೆಯ ಮೇಲೆ ಮುಂದಿನ ತೆರಿಗೆಗಳೆಲ್ಲ ಸೇರಿ ಸುಮಾರು 3,795 ರೂಪಾಯಿಯನ್ನು ಗೌಡರು ಎಣಿಸಿಕೊಡಬೇಕಾಗುತ್ತದೆ, ಆ ಹಣ ಮಾತ್ರ ಕಾಲ್ಪನಿಕವಲ್ಲ.

ದಾಖಲೆ ಸಿಕ್ಕಿತೆಂದೇ ಮುಂದುವರಿಯೋಣ. 2,30,000ಕ್ಕೆ ಮೂಲ ಸುಂಕ 23,000. ಅದರ ಶೇ. 10ರಷ್ಟು, ಎಂದರೆ 2,300 ರೂಪಾಯಿ, ಸಮಾಜ ಕಲ್ಯಾಣ ಸರ್ಚಾರ್ಜ್. 2018ರ ಬಜೆಟ್ಟಿನಲ್ಲಿ ಹಳೆಯ ಶಿಕ್ಷಣ ಸೆಸ್‌ಗಳನ್ನು ರದ್ದುಮಾಡಿ ಇದನ್ನು ತಂದರು. ಆ ಸೆಸ್‌ಗಳು ಎರಡೂ ಸೇರಿ ಶೇ. 3 ಇದ್ದವು, ಕಲ್ಯಾಣ ಶೇ. 10ಕ್ಕೆ ಏರಿತು. ಇಲ್ಲಿಗೆ ಮೊತ್ತ 2,55,300. ಈಗ ಸಮಗ್ರ ಜಿಎಸ್‌ಟಿಯ ಸರದಿ: ಶೇ. 18, ಅದೂ ಈ ಇಡೀ ಮೊತ್ತದ ಮೇಲೆ, 45,954 ರೂಪಾಯಿ. ಇದರಲ್ಲಿ 4,554 ರೂಪಾಯಿ ಯಂತ್ರದ ಮೇಲೂ ಅಲ್ಲ, ಬಾಡಿಗೆಯ ಮೇಲೂ ಅಲ್ಲ. ಆಗಷ್ಟೇ ಕಟ್ಟಿದ ಸುಂಕ ಮತ್ತು ಸರ್ಚಾರ್ಜಿನ ಮೇಲೆ. ಹೀಗೆ ಹತ್ತು ಎಂದು ಹೊರಟದ್ದು 71,254 ರೂಪಾಯಿಗೆ, ಎಂದರೆ ಶೇ. 30.98ಕ್ಕೆ ಬಂದು ನಿಲ್ಲುತ್ತದೆ.

ಇಲ್ಲೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಹೊರಗಿನ ಕಾಫಿ ಇಲ್ಲಿಗೆ ಬರದಂತೆ ಸಾಮಾನ್ಯ ದರದಲ್ಲಿ ಶೇ. 100 ಮೂಲ ಸುಂಕ ಹಾಕಿರುವ ಇದೇ ಪದ್ಧತಿಯನ್ನು ನಮ್ಮ ಗೌಡರು ಬೆಳೆಗಾರರ ಸಭೆಗಳಲ್ಲಿ ಮುಕ್ತಕಂಠದಿಂದ ಹೊಗಳುತ್ತಾರೆ. ಆ ಕಾಫಿಯ ಮೇಲೂ ಸರ್ಚಾರ್ಜು ಏರುತ್ತದೆ ಎಂದು ನೆನಪಿಸಿದರೆ, “ಅದು ಬೇರೆ ವಿಷಯ ಬಿಡಿ” ಎನ್ನುತ್ತಾರೆ. ಗೋಡೆ ಯಾರ ಮನೆಯ ಹೊರಗಿದೆ ಎಂಬುದರ ಮೇಲೆ ಅದರ ಎತ್ತರದ ಬಗ್ಗೆ ನಮ್ಮ ಅಭಿಪ್ರಾಯ ನಿಂತಿರುತ್ತದೆ.

ಜಿಎಸ್‌ಟಿ ವಾಪಸು ಸಿಗುತ್ತದಲ್ಲ ಎಂದು ತಿಳಿದವರು ಹೇಳುವರು. ಸಿಗುತ್ತದೆ, ಮುಂದೆ ಮಾರುವ ಸರಕಿಗೆ ಜಿಎಸ್‌ಟಿ ಇರುವವರಿಗೆ, ಅದರಲ್ಲಿ ಹೊಂದಿಸಿಕೊಳ್ಳಲು. ಮೂಲ ಸುಂಕ ಮತ್ತು ಸರ್ಚಾರ್ಜ್ ಯಾರಿಗೂ ಹೀಗೆ ಹಿಂದೆ ಬರುವುದಿಲ್ಲ. ಹುರಿಯದ ಕಾಫಿ ಬೀಜಕ್ಕೆ ತೆರಿಗೆಯೇ ಇಲ್ಲ. ಆದ್ದರಿಂದ ಹಸಿ ಬೀಜವನ್ನಷ್ಟೇ ಮಾರುತ್ತ, ಮಾದರಿ ಹುರಿದು ರುಚಿ ನೋಡಲು ಯಂತ್ರ ತರಿಸುವ ಬೆಳೆಗಾರನಿಗೆ ಆ 45,954ರಲ್ಲಿ ಒಂದು ಪೈಸೆಯೂ ಹೊಂದಿಕೆಯಾಗುವುದಿಲ್ಲ. ತೆರಿಗೆ ವಿನಾಯಿತಿ ಕೊಟ್ಟದ್ದಕ್ಕೆ ದಂಡ ಕಟ್ಟುವ ಭಾಗ್ಯ ಇದು.

ಹಾಸ್ಯ ಸಾಕು. ಕಲ್ಯಾಣದ ಹೆಸರಿನಲ್ಲಿ ಕಿತ್ತುಕೊಂಡ ಆ 2,300 ರೂಪಾಯಿ ಸರ್ಚಾರ್ಜ್ ಆದ್ದರಿಂದ, ಸಂವಿಧಾನದ 270ನೇ ವಿಧಿಯ ಪ್ರಕಾರ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ಪಾಲಿಗೆ ಸೇರುವುದಿಲ್ಲ, ಪೂರ್ತಿ ಕೇಂದ್ರದ್ದೇ. ಅಂಗನವಾಡಿ, ಹಾಸ್ಟೆಲು, ಜಿಲ್ಲಾಸ್ಪತ್ರೆಗಳನ್ನು ದಿನವೂ ನಡೆಸಬೇಕಾದ್ದು ರಾಜ್ಯ. ಅದೇ ಹಣವನ್ನು ಮೂಲ ಸುಂಕಕ್ಕೇ ಸೇರಿಸಿ ಶೇ. 11 ಎಂದು ನೇರವಾಗಿ ಬರೆದಿದ್ದರೆ ಗೌಡರು ಕಟ್ಟುವ ಮೊತ್ತದಲ್ಲಿ ಒಂದು ರೂಪಾಯಿಯೂ ಬದಲಾಗುತ್ತಿರಲಿಲ್ಲ, ಆದರೆ ಅದರಲ್ಲಿ ಕರ್ನಾಟಕಕ್ಕೂ ಪಾಲು ಕೊಡಬೇಕಾಗುತ್ತಿತ್ತು. ಹಾಗೆ ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ.