ಎನ್‌ಸಿ ಚೀಟಿ ಮತ್ತು ಎಫ್‌ಐಆರ್: ಮುಂಬಯಿ ಠಾಣೆಯಿಂದ ಊರಿನ ಠಾಣೆಯವರೆಗೆ

ಮುಂಬಯಿಗೆ ಬಂದು ಹತ್ತೊಂಬತ್ತು ವರ್ಷಗಳಾದರೂ, ಇಲ್ಲಿಯವರು ಪೊಲೀಸ್ ಠಾಣೆಯಿಂದ ಹೊರಬಂದು 'ಎನ್‌ಸಿ ಕೊಟ್ಟಿದ್ದೇನೆ' ಎಂದು ಸಮಾಧಾನದಿಂದ ಹೇಳುವುದು ನನಗೆ ಇಂದಿಗೂ ವಿಚಿತ್ರವಾಗಿಯೇ ಕಾಣುತ್ತದೆ. ಎನ್‌ಸಿ ಎಂದರೆ ನಾನ್-ಕಾಗ್ನಿಜಬಲ್, ಅಂದರೆ ಅಸಂಜ್ಞೇಯ ಅಪರಾಧದ ದೂರು. ಆ ಚೀಟಿಯ ಅರ್ಥ, ಪೊಲೀಸರು ದೂರನ್ನು ಬರೆದುಕೊಂಡಿದ್ದಾರೆ, ಆದರೆ ತನಿಖೆ ಮಾಡುವುದಿಲ್ಲ ಎಂದು.

ಕಳೆದ ವರ್ಷ ನಮ್ಮ ಕಟ್ಟಡದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಗಿ, ಪಕ್ಕದ ಮನೆಯವರೊಬ್ಬರು ನನ್ನ ಗೆಳೆಯನ ಮುಖಕ್ಕೆ ಗುದ್ದಿದರು. ತುಟಿ ಒಡೆದು ರಕ್ತ ಬಂದಿತ್ತು. ನಾವಿಬ್ಬರೂ ರಾತ್ರಿ ಠಾಣೆಗೆ ಹೋದಾಗ, ಭಾರತೀಯ ನ್ಯಾಯ ಸಂಹಿತೆಯ 115(2), ಅಂದರೆ ಸಾಮಾನ್ಯ ಗಾಯ, ಮತ್ತು 352, ಅಂದರೆ ಉದ್ದೇಶಪೂರ್ವಕ ಅವಮಾನ ಎಂದು ಬರೆದು ಎನ್‌ಸಿ ಚೀಟಿ ಕೈಗಿತ್ತರು. ಎರಡೂ ಅಸಂಜ್ಞೇಯ ಅಪರಾಧಗಳೇ. ಕೊಲೆ, ದರೋಡೆಗಳಂಥ ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಠಾಣೆಯವರು ಎಫ್‌ಐಆರ್ ದಾಖಲಿಸಿ ತಾವಾಗಿಯೇ ತನಿಖೆಗಿಳಿಯಬಹುದು, ವಾರಂಟ್ ಇಲ್ಲದೆ ಬಂಧಿಸಲೂಬಹುದು. ಅಸಂಜ್ಞೇಯ ಅಪರಾಧವಾದರೆ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ದೂರನ್ನು ಪುಸ್ತಕದಲ್ಲಿ ದಾಖಲಿಸಿ, ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಸಲ್ಲದು. ಆದೇಶ ಬಂದ ಮೇಲೂ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೊಂದು ಬಿಟ್ಟು ಉಳಿದದ್ದಷ್ಟೇ ಪೊಲೀಸರಿಗೆ ದೊರೆಯುತ್ತದೆ.

ಮೂರನೆಯ ದಿನ ಗೆಳೆಯನ ಮುಂಭಾಗದ ಹಲ್ಲು ಅಲುಗಾಡತೊಡಗಿತು. ದಂತವೈದ್ಯರು ಎಕ್ಸ್‌ರೇ ತೆಗೆದಾಗ ಹಲ್ಲಿನ ಬೇರು ಮುರಿದಿರುವುದು ಕಂಡಿತು. ಮೂಳೆ ಅಥವಾ ಹಲ್ಲು ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ಗಂಭೀರ ಗಾಯ. 117(2)ರ ಅಡಿಯಲ್ಲಿ ಏಳು ವರ್ಷಗಳವರೆಗೆ ಶಿಕ್ಷೆಯುಳ್ಳ ಸಂಜ್ಞೇಯ ಅಪರಾಧ. ಅದೇ ಗುದ್ದು, ಅದೇ ಮನುಷ್ಯ. ಬದಲಾದದ್ದು ವೈದ್ಯರ ಪ್ರಮಾಣಪತ್ರ ಮಾತ್ರ. ಅದನ್ನು ಠಾಣೆಗೆ ಒಯ್ದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಎಫ್‌ಐಆರ್ ದಾಖಲಿಸಿದರು. ಒಂದೇ ಘಟನೆಯಲ್ಲಿ ಎರಡು ಬಗೆಯ ಅಪರಾಧಗಳಿದ್ದು ಅವುಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಭಾವಿಸಬೇಕೆಂದು 174ನೇ ಕಲಮು ಹೇಳುವುದರಿಂದ, ಅವಮಾನದ ಮಾತುಗಳೂ ಅದೇ ತನಿಖೆಯೊಳಗೆ ಸೇರಿಕೊಂಡವು. ಆದ್ದರಿಂದಲೇ ಮೊದಲ ರಾತ್ರಿಯ ಹೇಳಿಕೆಯಲ್ಲಿ ಏನನ್ನೂ ಬಿಡಬಾರದು. ಹೊಡೆದದ್ದು ಕೈಯಿಂದಲೋ, ಕಬ್ಬಿಣದ ಸರಳಿನಿಂದಲೋ ಎಂಬ ಒಂದು ಪದದ ಮೇಲೆಯೇ ಪ್ರಕರಣ ಈ ಕಡೆಗೋ ಆ ಕಡೆಗೋ ವಾಲಬಹುದು.

ಊರಿನಲ್ಲಿ ನಾನು ಕಂಡ ಕ್ರಮ ಬೇರೆ. ಹಾಸನದ ಬಳಿ ನಮ್ಮ ಚಿಕ್ಕಪ್ಪನಿಗೂ ಪಕ್ಕದ ಹೊಲದವರಿಗೂ ಬದುವಿನ ವಿಷಯದಲ್ಲಿ ಕೈಕೈ ಮಿಲಾಯಿಸಿದಾಗ, ಠಾಣೆಯವರು ಎನ್‌ಸಿಆರ್ ಸಂಖ್ಯೆ ಕೊಟ್ಟು, ಮ್ಯಾಜಿಸ್ಟ್ರೇಟರಿಂದ ತನಿಖೆಗೆ ಅನುಮತಿ ಕೋರುವ ಪತ್ರವನ್ನು ತಾವೇ ಕಳುಹಿಸಿ, ಅನುಮತಿ ಬಂದ ಮೇಲೆ ಎಫ್‌ಐಆರ್ ಮಾಡಿದರು. ಚಿಕ್ಕಪ್ಪ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಲಿಲ್ಲ. ಮೊದಮೊದಲು ನನಗೆ ಇದೇ ಮೇಲೆನಿಸಿತ್ತು. ಇಲ್ಲಿ ಎನ್‌ಸಿ ಚೀಟಿ ಹಿಡಿದವನು ವಕೀಲರನ್ನು ಹುಡುಕಿಕೊಂಡು ತಾನೇ ಅಲೆಯಬೇಕು. ಬಹುತೇಕರು ಅಲೆಯುವುದೂ ಇಲ್ಲ, ಚೀಟಿಯನ್ನು ವಿದ್ಯುತ್ ಬಿಲ್ಲುಗಳ ಜೊತೆ ಇಟ್ಟುಬಿಡುತ್ತಾರೆ.

ಆದರೆ ಊರಿನ ಪದ್ಧತಿಗೂ ತನ್ನದೇ ದೋಷವಿದೆ. ಪೊಲೀಸರ ಪತ್ರದ ಅಂಚಿನಲ್ಲಿ 'ಅನುಮತಿಸಿದೆ' ಎಂಬ ಒಂದೇ ಪದ ಬರೆದು ಸಹಿ ಹಾಕುವ ಪರಿಪಾಠವನ್ನು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆಕ್ಷೇಪಿಸಿ, ಮ್ಯಾಜಿಸ್ಟ್ರೇಟರು ದೂರನ್ನು ಓದಿ, ತನಿಖೆ ಅಗತ್ಯವೇ ಎಂದು ಯೋಚಿಸಿ ಆದೇಶಿಸಬೇಕೆಂದು ಹೇಳಿತು. ಅಂಥ ಒಂದು ಪದದ ಅನುಮತಿಯ ಮೇಲೆ ನಡೆದ ಪ್ರಕರಣ ವರ್ಷಗಳ ನಂತರ ರದ್ದಾದರೆ, ಅಲೆದಾಟ ತಪ್ಪಿತೆಂದು ಸಂತೋಷಪಟ್ಟ ದೂರುದಾರನಿಗೆ ಉಳಿಯುವುದೇನು? ಚಿಕ್ಕಪ್ಪನಿಗಂತೂ ತನ್ನ ಹೆಸರಿನಲ್ಲಿ ಅನುಮತಿ ಕೇಳಿದ್ದೂ ಗೊತ್ತಿರಲಿಲ್ಲ. ಮುಂಬಯಿಯ ಚೀಟಿ ಒರಟಾದರೂ ದಾರಿ ಯಾರದೆಂದು ತೋರಿಸುತ್ತದೆ ಎಂಬುದು ಈಗ ನನ್ನ ಅಭಿಪ್ರಾಯ. ಕೊರತೆಯೆಂದರೆ, ಮುಂದೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ ಎಂಬ ಮಾತನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೇಳದಿದ್ದರೆ ಆಗುವ ನಷ್ಟ ಸಣ್ಣದಲ್ಲ. 115(2)ಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷವಾದ್ದರಿಂದ, ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವ ಕಾಲಮಿತಿಯೂ ಸಾಮಾನ್ಯವಾಗಿ ಒಂದೇ ವರ್ಷ. ಹಲ್ಲು ಮುರಿಯದೆ ಇದ್ದಿದ್ದರೆ ನನ್ನ ಗೆಳೆಯನ ಚೀಟಿಯೂ ಕಪಾಟಿನಲ್ಲೇ ಆ ಒಂದು ವರ್ಷವನ್ನು ಕಳೆದುಬಿಡುತ್ತಿತ್ತು.