ಪೀಠಿಕೆಯಲ್ಲಿ ಎಲ್ಲರೂ ಫಸ್ಟ್

ಬೆಂಗಳೂರಿನಲ್ಲಿ ಎರಡನೆಯವರು ಅಂತ ಯಾರೂ ಇಲ್ಲ. ಅಪಾರ್ಟ್‌ಮೆಂಟ್ ಕಟ್ಟುವವರು, ಸ್ಟಾರ್ಟಪ್ ಶುರು ಮಾಡುವವರು, ದೋಸೆಗೆ ಚೀಸ್ ಸುರಿಯುವವರು, ಎಲ್ಲರೂ ಏನೋ ಒಂದನ್ನು 'ಪ್ರಪ್ರಥಮ ಬಾರಿಗೆ' ಮಾಡುತ್ತಿರುತ್ತಾರೆ. ಅವರಿಗೆ ವ್ಯಾಪಾರ ಅನ್ನುವ ನೆಪವಾದರೂ ಉಂಟು. ಸಂಶೋಧನಾ ಪ್ರಬಂಧ ಬರೆಯುವ ಮಹನೀಯರಿಗೇನು ಬಂತು? ಅವರ ಪೀಠಿಕೆ ಓದಿ ನೋಡಿ. ಮೊದಲ ಪ್ಯಾರಾದಲ್ಲಿ ಜಗತ್ತು ಕತ್ತಲಲ್ಲಿರುತ್ತದೆ, ಎರಡನೆಯದರಲ್ಲಿ ಇವರು ಬರುತ್ತಾರೆ, ಮೂರನೆಯದರಲ್ಲಿ ಬೆಳಕಾಗುತ್ತದೆ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ ಅನ್ನುವುದೇ ಒಂದು ಸಮಾಧಾನ. ನೆದರ್‌ಲೆಂಡ್ಸಿನ ಮೂವರು ಸಂಶೋಧಕರು ವೈದ್ಯಕೀಯ ಸಂಶೋಧನೆಯ ಭಂಡಾರವಾದ ಪಬ್‌ಮೆಡ್‌ನಲ್ಲಿರುವ ಪ್ರಬಂಧಗಳ ಸಾರಾಂಶಗಳನ್ನು ಜಾಲಾಡಿ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೆಕ್ಕ ಕೊಟ್ಟರು. 'ನಾವೆಲ್' ಅಂದರೆ ಹೊಚ್ಚಹೊಸದು, 'ಇನ್ನೋವೇಟಿವ್' ಥರದ ಹೊಗಳಿಕೆಯ ಪದಗಳು 1974ರಿಂದ 1980ರ ಅವಧಿಯಲ್ಲಿ ಸರಾಸರಿ ಶೇ 2ರಷ್ಟು ಸಾರಾಂಶಗಳಲ್ಲಿ ಇದ್ದವಂತೆ. 2014ರ ಹೊತ್ತಿಗೆ ಶೇ 17.5. ಹೀಗೇ ಮುಂದುವರಿದರೆ 2123ರಲ್ಲಿ 'ನಾವೆಲ್' ಇಲ್ಲದ ಸಾರಾಂಶ ಒಂದೂ ಇರುವುದಿಲ್ಲ ಅಂತ ಅವರೇ ಚೇಷ್ಟೆ ಮಾಡಿದ್ದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಅಷ್ಟು ದಿನ ಕಾಯುವಂತೆ ಕಾಣುವುದಿಲ್ಲ.

ಒಂದು ಪ್ರಬಂಧ ಇದೆ ಅಂತಿಟ್ಟುಕೊಳ್ಳಿ. ಕಾಲ್ಪನಿಕವೇ. ಓದುವಾಗ ನಿಮಗೆ ಯಾರಾದರೂ ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ. ವಿಷಯ, ಬೆಂಗಳೂರಿಗೆ ತಕ್ಕಂತೆ, ರಸ್ತೆಗುಂಡಿ. ಪಿಎಚ್‌.ಡಿ ಹುಡುಗಿಯೊಬ್ಬಳು ಐದು ಸ್ಕೂಟರ್‌ಗಳಿಗೆ ಫೋನ್ ಕಟ್ಟಿ ಓಡಾಡಿಸಿ ಗುಂಡಿ ಪತ್ತೆ ಮಾಡಿದ್ದಾಳೆ. ಪೀಠಿಕೆಯ ಮೊದಲ ಕರಡಿನಲ್ಲಿ ಹೀಗಿದೆ: 'ಮೊಬೈಲ್ ಫೋನಿನಿಂದ ರಸ್ತೆಗುಂಡಿ ಗುರುತಿಸುವ ಜಗತ್ತಿನ ಮೊತ್ತಮೊದಲ ಕ್ರಾಂತಿಕಾರಿ ವ್ಯವಸ್ಥೆಯನ್ನು ನಾವು ಮಂಡಿಸುತ್ತೇವೆ.'

ಹತ್ತು ನಿಮಿಷ ಹುಡುಕಿದ್ದರೆ ಸಾಕಿತ್ತು. 2008ರಲ್ಲೇ ಎಂಐಟಿಯವರು 'ಪಾಟ್‌ಹೋಲ್ ಪೆಟ್ರೋಲ್' ಅಂತ ಬಾಸ್ಟನ್ ಟ್ಯಾಕ್ಸಿಗಳಿಗೆ ಕುಲುಕಾಟ ಅಳೆಯುವ ಆಕ್ಸಿಲರೋಮೀಟರ್ ಕಟ್ಟಿ ಗುಂಡಿ ಹುಡುಕಿದ್ದರು. ಅದು ದೂರದ ಮಾತು ಬಿಡಿ. ಅದೇ ವರ್ಷ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು 'ನೆರಿಸೆಲ್' ಅನ್ನುವ ವ್ಯವಸ್ಥೆಯಲ್ಲಿ ಸ್ಮಾರ್ಟ್‌ಫೋನನ್ನೇ ಬಳಸಿ ಗುಂಡಿ, ಬ್ರೇಕು, ಹಾರ್ನು ಮೂರನ್ನೂ ಗುರುತಿಸಿದ್ದರು. ಎಲ್ಲಿ ಅಂತೀರಿ? ಇದೇ ಬೆಂಗಳೂರಿನ ರಸ್ತೆಗಳಲ್ಲಿ! ಅಂದರೆ ಈ 'ಜಗತ್ತಿನಲ್ಲೇ ಮೊದಲು' ನಮ್ಮ ಊರಿನಲ್ಲೇ ಮೊದಲಲ್ಲ.

"ಸರ್, ಫಸ್ಟ್ ಅನ್ನೋದನ್ನ ತೆಗೆದುಬಿಡ್ಲಾ?" ಅಂತ ಹುಡುಗಿ ಗೈಡನ್ನು ಕೇಳಿದಳು.

"ತೆಗೆದ್ರೆ ರಿವ್ಯೂಯರ್ ನಾವೆಲ್ಟಿ ಎಲ್ಲಿ ಅಂತ ಕೇಳಲ್ವೇನಮ್ಮಾ? 'ನಮಗೆ ತಿಳಿದ ಮಟ್ಟಿಗೆ' ಅಂತ ಮುಂದೆ ಸೇರಿಸು, ಸಾಕು."

ಇದು ಪೀಠಿಕೆಗೆ ತೆಗೆದುಕೊಳ್ಳುವ ನಿರೀಕ್ಷಣಾ ಜಾಮೀನು. ತಪ್ಪು ಮಾಡುವ ಮೊದಲೇ ಬಿಡುಗಡೆ. ಆದರೆ ಯಾವ ಪದಗಳಿಟ್ಟು, ಎಲ್ಲೆಲ್ಲಿ, ಯಾವ ವರ್ಷದವರೆಗೆ ಹುಡುಕಿದಿರಿ ಅಂತ ಕೇಳಿದರೆ ಉತ್ತರ ಇರಬೇಕಲ್ಲ. ಹುಡುಕದೇ ಬರೆದಾಗ ಆ ಮಾತಿಗೆ 'ನಮಗೆ ಹೆಚ್ಚೇನೂ ತಿಳಿದಿಲ್ಲ' ಅನ್ನುವ ಅರ್ಥ ಬರುತ್ತದೆ, ಪ್ರಕಟಣೆಗೆ ಮುನ್ನ ಪ್ರಬಂಧ ಪರಿಶೀಲಿಸುವ ರಿವ್ಯೂಯರ್ ಅದನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ.

ಎರಡನೇ ಉಪಾಯ ಇನ್ನೂ ಚೆಂದ. ವಿಶೇಷಣ ಸೇರಿಸುತ್ತಾ ಹೋಗುವುದು: 'ಮಳೆಗಾಲದಲ್ಲಿ, ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಗೇರಿಲ್ಲದ ಸ್ಕೂಟರಿನ ಮೇಲೆ ಮೊದಲ ಬಾರಿಗೆ'. ಈಗ ಯಾರೂ ಸುಳ್ಳು ಅನ್ನುವಂತಿಲ್ಲ, ಯಾಕೆಂದರೆ ಯಾರಿಗೂ ಬೇಕಾಗಿಯೂ ಇಲ್ಲ. ಇಲ್ಲಿ ಒಂದೊಂದು ವಿಶೇಷಣವನ್ನೂ ಎತ್ತಿ ಪಕ್ಕಕ್ಕಿಟ್ಟು ನೋಡಬೇಕು. ದಕ್ಷಿಣ ಬೆಂಗಳೂರಿನ ಬದಲು ಉತ್ತರ ಅಂದರೆ ಹಳೆಯ ವಿಧಾನ ಕೆಲಸ ಮಾಡುತ್ತದೆಯೇ? ಧಾರಾಳವಾಗಿ. ಹಾಗಾದರೆ ಆ ಪದ ಬರೀ ಒಡವೆ, ಕಿತ್ತು ಹಾಕಿ. ಸ್ಕೂಟರಿನ ಬದಲು ಕಾರು ಅಂದರೆ?

ಹುಡುಗಿ ಇಲ್ಲಿ ನಿಂತಳು. ಕಾರು ಗುಂಡಿಗೆ ಬೀಳುತ್ತದೆ, ಫೋನು ಕುಲುಕುತ್ತದೆ, ಗುಂಡಿ ದಾಖಲಾಗುತ್ತದೆ. ಸ್ಕೂಟರಿನವನು ಬೀಳುವುದಿಲ್ಲವಲ್ಲ! ದಿನಾ ಓಡಾಡುವವನಿಗೆ ಯಾವ ಗುಂಡಿ ಎಲ್ಲಿದೆ ಅಂತ ಬಾಯಿಪಾಠ. ಹ್ಯಾಂಡಲ್ ಎಡಕ್ಕೆ ಎಳೆದು, ಹಿಂದಿನವನ ಕೈಲಿ ಬೈಸಿಕೊಂಡು, ತಪ್ಪಿಸಿಕೊಂಡು ಹೋಗಿಬಿಡುತ್ತಾನೆ. ಕುಲುಕಾಟವನ್ನಷ್ಟೇ ನೋಡಿದರೆ ರಸ್ತೆಯ ಅತ್ಯಂತ ದೊಡ್ಡ ಗುಂಡಿಯೇ ಅತ್ಯಂತ ನಯವಾದ ಜಾಗದಂತೆ ಕಾಣುತ್ತದೆ. ಅವಳ ನಿಜವಾದ ಕೆಲಸ ಇದ್ದದ್ದು ಅಲ್ಲೇ: ಒಂದೇ ಜಾಗದಲ್ಲಿ ಹಲವರು ಸೊಟ್ಟಗೆ ತಿರುಗಿದ್ದನ್ನು ಫೋನಿನಲ್ಲಿ ತಿರುವು ಅಳೆಯುವ ಗೈರೋಸ್ಕೋಪಿನಿಂದ ಹಿಡಿಯುವುದು. ಆದರೆ ಅದು ನಾಲ್ಕನೇ ಪುಟದ ಕೊನೆಯ ಪ್ಯಾರಾದಲ್ಲಿ ಹುದುಗಿತ್ತು. ಕ್ರಾಂತಿಯ ಗದ್ದಲದಲ್ಲಿ ಅವಳ ಗೈಡಿಗೂ ಅದು ಕಂಡಿರಲಿಲ್ಲ.

ತಿದ್ದಿದ ಮೇಲೆ ಪೀಠಿಕೆ ಹೀಗಾಯಿತು: 'ಫೋನಿನ ಕುಲುಕಾಟದಿಂದ ಗುಂಡಿ ಗುರುತಿಸುವ ವಿಧಾನಗಳು 2008ರಿಂದಲೇ ಇವೆ. ಚಕ್ರ ಗುಂಡಿಗೆ ಬಿದ್ದಾಗ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ದ್ವಿಚಕ್ರ ಸವಾರರು ಗುಂಡಿಯನ್ನು ತಪ್ಪಿಸುತ್ತಾರೆ. ಅಡ್ಡಾದಿಡ್ಡಿ ಚಾಲನೆ ಪತ್ತೆಗೆ ಈಗಾಗಲೇ ಬಳಕೆಯಲ್ಲಿರುವ ಗೈರೋಸ್ಕೋಪನ್ನು ನಾವು ಈ ತಪ್ಪಿಸುವಿಕೆ ಗುರುತಿಸಲು ಬಳಸಿದ್ದೇವೆ. ನಾವು ಪರೀಕ್ಷಿಸಿದ ಒಂದು ರಸ್ತೆಯ 40 ಗುಂಡಿಗಳಲ್ಲಿ ಕುಲುಕಾಟ ಮಾತ್ರ ನೋಡಿದಾಗ 22, ಎರಡನ್ನೂ ನೋಡಿದಾಗ 31 ಸಿಕ್ಕವು. ರಸ್ತೆಬದಿ ನಿಲ್ಲಿಸಿದ ವಾಹನಗಳನ್ನೂ ಇದು ಕೆಲವೊಮ್ಮೆ ಗುಂಡಿ ಎಂದುಕೊಳ್ಳುತ್ತದೆ.'

ಇದರಲ್ಲಿ 'ಮೊದಲ' ಇಲ್ಲ, 'ಕ್ರಾಂತಿ' ಇಲ್ಲ. ಆದರೂ ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಓದುವವರು 'ಅರೆ, ಹೌದಲ್ಲ' ಅಂದಿರುತ್ತಾರೆ. ಹಳಬರಿಗೆ ಸಲ್ಲಬೇಕಾದ್ದನ್ನು ಕೊಟ್ಟು, ಅವರು ಎಲ್ಲಿ ನಿಂತರು ಅಂತ ತೋರಿಸಿದ್ದರಿಂದಲೇ ಇವಳ ಹೆಜ್ಜೆ ಕಾಣುತ್ತಿದೆ. ದೋಷವನ್ನು ತಾನೇ ಹೇಳಿಕೊಂಡದ್ದರಿಂದ ರಿವ್ಯೂಯರಿಗೆ ಪತ್ತೇದಾರಿಕೆಯ ಸುಖ ತಪ್ಪಿತು, ಅಷ್ಟೇ. ಹಾಗಂತ 'ಇದೊಂದು ಅಲ್ಪ ಪ್ರಯತ್ನ, ತಪ್ಪಿದ್ದರೆ ಮನ್ನಿಸಿ' ಅಂತ ಕೈಮುಗಿಯುವ ನಮ್ಮ ಹಳೇ ಅಭ್ಯಾಸಕ್ಕೂ ಇಲ್ಲಿ ಜಾಗವಿಲ್ಲ. 22 ಹೋಗಿ 31 ಆಗಿದ್ದರೆ ಎದೆ ತಟ್ಟಿಯೇ ಹೇಳಬೇಕು.

ಹೊಸದನ್ನು ಹೊಸದು ಅನ್ನಬಾರದು ಅಂತ ಯಾರು ಹೇಳಿದರು? 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಇದೇ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದಲ್ಲಿ ಮಾಡಿದ ಉಪನ್ಯಾಸದ ಶೀರ್ಷಿಕೆಯೇ 'ಒಂದು ಹೊಸ ವಿಕಿರಣ'. ಆದರೆ ಅದೇ ವರ್ಷ ಅವರು ಮತ್ತು ಕೆ.ಎಸ್. ಕೃಷ್ಣನ್ ನೇಚರ್ ಪತ್ರಿಕೆಗೆ ಬರೆದ ಪುಟ್ಟ ಪತ್ರ ನೋಡಿ. ಶುರುವಾಗುವುದೇ ಎಕ್ಸ್-ರೇ ಚದುರುವಿಕೆಯ ಬಗ್ಗೆ ಕಾಂಪ್ಟನ್‌ ಮಾಡಿದ್ದ ಕೆಲಸದಿಂದ. ಸುಮಾರು 60 ದ್ರವಗಳನ್ನು ಪರೀಕ್ಷಿಸಿದೆವು, ಪ್ರತಿಯೊಂದರಲ್ಲೂ ಈ ಹೊಸ ವಿಕಿರಣ ಹೆಚ್ಚೋ ಕಡಿಮೆಯೋ ಕಂಡಿತು ಅನ್ನುತ್ತಾರೆ. ಇದು ಬೆಳಕನ್ನು ಹೀರಿಕೊಂಡು ಮತ್ತೆ ಹೊರಸೂಸುವ ಬರೀ ಪ್ರತಿದೀಪ್ತಿ ಇರಬಹುದಲ್ಲ ಅನ್ನುವ ಅನುಮಾನವನ್ನು ತಾವೇ ಎತ್ತಿ, ಅಲ್ಲ ಅನ್ನುವುದಕ್ಕೆ ಎರಡು ಕಾರಣ ಕೊಡುತ್ತಾರೆ: ಬೆಳಕು ಬಹಳ ಕ್ಷೀಣವಾಗಿದೆ, ಧ್ರುವೀಕರಣ, ಅಂದರೆ ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ, ಪ್ರಬಲವಾಗಿದೆ. ಕ್ರಾಂತಿ ಅನ್ನುವ ಮಾತೇ ಇಲ್ಲ. ಎರಡು ವರ್ಷ ಕಳೆದು ನೊಬೆಲ್ ಸಮಿತಿಯವರು ಆ ಕೊರತೆ ತುಂಬಿಕೊಟ್ಟರು.

ಹುಡುಗಿಯ ಪೀಠಿಕೆ ಸರಿಹೋಯಿತು, ಆದರೆ ಸಾರಾಂಶ ಮತ್ತು ಉಪಸಂಹಾರ ತಿದ್ದುವುದು ಮರೆತುಹೋಗಿತ್ತು. ಅಲ್ಲಿ ಕ್ರಾಂತಿ ಇನ್ನೂ ನಡೆಯುತ್ತಿತ್ತು. ಸಾಮಾನ್ಯವಾಗಿ ಹೀಗೇ. ಒಂದು ಕಡೆ ಇಳಿಸಿದ ದನಿ ಇನ್ನೆರಡು ಕಡೆ ಕಿರುಚುತ್ತಿರುತ್ತದೆ, ರಿವ್ಯೂಯರ್ ಮೊದಲು ಓದುವುದೂ ಆ ಎರಡನ್ನೇ. ಅವನ್ನೂ ಸರಿಮಾಡಿ ಕಳಿಸಿದರು, ಪ್ರಬಂಧ ಸ್ವೀಕಾರವಾಯಿತು.

ಮರುದಿನ ಕಾಲೇಜಿನ ಗೇಟಿನಲ್ಲಿ, ನಗರದಲ್ಲಿ ನಿಷೇಧವಿರುವ ಫ್ಲೆಕ್ಸ್ ಒಂದು ಎದ್ದು ನಿಂತಿತು: 'ರಸ್ತೆಗುಂಡಿ ಪತ್ತೆ: ವಿಶ್ವದಲ್ಲೇ ಪ್ರಥಮ!' ಪ್ರಿನ್ಸಿಪಾಲರ ಫೋಟೋ ಮಧ್ಯದಲ್ಲಿ, ಗೈಡಿನದು ಪಕ್ಕದಲ್ಲಿ.

"ಸರ್, ಪ್ರಥಮ ಅಲ್ವಲ್ಲಾ..." ಅಂದಳು ಹುಡುಗಿ.

"ಇದಕ್ಕೆ ರಿವ್ಯೂಯರ್ ಇಲ್ಲಮ್ಮಾ," ಅಂದರು ಗೈಡು.