ಪ್ರತ್ಯಕ್ಷವೋ ಪರೋಕ್ಷವೋ

ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ವಂದನಾರ್ಪಣೆಯ ಹೊಣೆ ನನ್ನ ಪಾಲಿಗೆ ಬಂದದ್ದು ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ ಎಂಬ ಅರ್ಹತೆಯ ಮೇಲೆ. ಏಣಿ ಹತ್ತಿದರೆ ತಲೆ ಸುತ್ತುತ್ತದೆ. ಚಂದಾ ಎತ್ತಲು ಹೋದರೆ ಕಾಫಿ ಕುಡಿದು, ಅವರ ಮಗಳ ಮದುವೆಯ ವಿಚಾರವೆಲ್ಲ ಕೇಳಿಕೊಂಡು, ರಸೀದಿ ಪುಸ್ತಕವನ್ನು ತೆರೆಯದೆಯೇ ಬರುತ್ತೇನೆ.

ಹೋದ ವರ್ಷ ಮೈಕ್ ನನ್ನ ಕೈಗೆ ಬಂದಾಗ ಒಂಬತ್ತು ಐವತ್ತೈದು. ರಾತ್ರಿ ಹತ್ತಾದ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ. ಜನರಿಗೋ ವಂದನಾರ್ಪಣೆ ಎಂದರೆ ಊಟದ ಗಂಟೆ. ಆಗಲೇ ಅರ್ಧ ಕುರ್ಚಿಗಳು ಖಾಲಿ. ನಾನು ಜೇಬಿನಲ್ಲಿದ್ದ ಚೀಟಿಯನ್ನು ಅಲ್ಲೇ ಬಿಟ್ಟು, 'ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ' ಎಂದು ಒಂದೇ ಉಸಿರಿಗೆ ಮುಗಿಸಿ, ನಾನೂ ಎಲೆಯ ಕಡೆ ನಡೆದೆ.

ಮರುದಿನ ಬೆಳಿಗ್ಗೆ ಎದುರು ಮನೆಯ ಅಜ್ಜಿ ರಂಗೋಲಿ ಹಾಕುತ್ತಿದ್ದವರು ತಲೆ ಎತ್ತದೆ ಕೇಳಿದರು, 'ಅಲ್ಲಪ್ಪಾ, ನಾನು ಪ್ರತ್ಯಕ್ಷವೋ ಪರೋಕ್ಷವೋ?'

ಹಿಂದಿನ ಸಂಜೆ ಅವರ ನಡುಮನೆಯಲ್ಲಿ ಇಪ್ಪತ್ತೆರಡು ಮಕ್ಕಳು ಬಣ್ಣ ಬಳಿಸಿಕೊಂಡು ಪೇಟ ಕಟ್ಟಿಸಿಕೊಂಡಿದ್ದರು. ಗೋಡೆಯ ಮೇಲೆ ಇವತ್ತಿಗೂ ಒಂದು ಕೆಂಪು ಅಂಗೈ ಗುರುತಿದೆ. 'ಎರಡೂ, ಅಜ್ಜಿ' ಎಂದೆ. ಅವರು ರಂಗೋಲಿ ಪುಡಿಯ ಡಬ್ಬಿಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿ ಒಳಗೆ ಹೋದರು.

ಹಾಗಾಗಿ ಈ ವರ್ಷ ವಂದನೆಯನ್ನು ಬರವಣಿಗೆಯಲ್ಲೇ ಸಲ್ಲಿಸುವುದೆಂದೂ, ಯಾರು ಏನು ಮಾಡಿದರೋ ಅದನ್ನೇ ಬರೆದು ಮನೆಮನೆಗೆ ಒಂದು ಹಾಳೆ ಹಂಚುವುದೆಂದೂ ಸಮಿತಿಯಲ್ಲಿ ಹೇಳಿ ಬಂದೆ. ಹೇಳುವುದು ಸುಲಭವಿತ್ತು. ಯಾರು ಏನು ಮಾಡಿದರು ಎಂಬುದು ಗೊತ್ತಿರಬೇಕಲ್ಲ!

ಮೊದಲು ಮೊಬೈಲಿನ ಚಿತ್ರಗಳನ್ನು ತೆಗೆದು ಕೂತೆ. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕೆಲಸ ಮಾಡಿದವರು ಒಬ್ಬರೂ ಇರಲಿಲ್ಲ. ಅತಿಥಿಗಳಿಗೆ ಶಾಲು ಹೊದಿಸುವ ಚಿತ್ರದ ಅಂಚಿನಲ್ಲಿ ಹಾರದ ತಟ್ಟೆ ಹಿಡಿದ ಒಂದು ಮೊಣಕೈ ಇತ್ತು. ವಾಚಿನ ಪಟ್ಟಿಯಿಂದ ಅದು ಮೂರನೇ ಅಡ್ಡರಸ್ತೆಯ ಲೆಕ್ಕಪತ್ರದ ಮೇಷ್ಟರದೆಂದು ಗುರುತಿಸಿದೆವು.

ಕೈ ಹಿಡಿದದ್ದು ಖಜಾಂಚಿಯವರ ಫೈಲು. ಒಂದೊಂದು ಬಿಲ್ಲಿನ ಹಿಂದೆಯೂ ಅದನ್ನು ತಂದವರ ಸಹಿ ಇರುತ್ತದೆ. ಶಾಮಿಯಾನ, ಕುರ್ಚಿ, ಹೂವು, ಅಕ್ಕಿ ಹನ್ನೆರಡು ಕೆಜಿ, ತೊಗರಿಬೇಳೆ ಆರು ಕೆಜಿ, ಹೀಗೆ ಬಿಲ್ಲು ಮಗುಚಿದ ಹಾಗೆಲ್ಲ ಒಬ್ಬೊಬ್ಬರು ಎದ್ದು ಬಂದರು. ಆದರೆ ಫೈಲು ಮುಚ್ಚಿದ ಮೇಲೆ ಗೊತ್ತಾಯಿತು, ನಿಜವಾಗಿ ಮರೆತುಹೋಗುವವರು ಬಿಲ್ಲಿಲ್ಲದ ವಸ್ತು ಕೊಟ್ಟವರು. ಏಣಿ ಯಾರದು? ತೋರಣಕ್ಕೆ ಮಾವಿನ ಸೊಪ್ಪು ಯಾರ ಮರದ್ದು? ಅತಿಥಿಗಳ ಕಾರು ನಿಲ್ಲಲೆಂದು ಬೆಳಿಗ್ಗೆಯೇ ತಮ್ಮ ಕಾರನ್ನು ಮುಂದಿನ ಬೀದಿಗೆ ಒಯ್ದು ನಿಲ್ಲಿಸಿದವರು ಯಾರು? ಇದಕ್ಕಾಗಿ ನಾನು ಎರಡು ಸಂಜೆ ಬೀದಿ ಸುತ್ತಿದೆ. ಆರು ಕಡೆ ಕಾಫಿಯಾಯಿತು. ಏಣಿಯ ಒಡೆಯರು ಮಾತ್ರ, 'ಅದು ಇನ್ನೂ ವಾಪಸ್ಸು ಬಂದಿಲ್ಲ, ವಂದನೆ ಆಮೇಲೆ ಹೇಳಿ' ಎಂದರು.

ಅನುಕ್ರಮದ್ದು ಇನ್ನೊಂದು ತಲೆನೋವು. ಅಧ್ಯಕ್ಷರಿಂದ ಶುರುಮಾಡಿದರೆ ಕಾರ್ಯದರ್ಶಿ ಎರಡನೆಯವರು, ಕಸ ಎತ್ತಿದವರು ಯಾವಾಗಲೂ ಕೊನೆಯವರು. ಗಡಿಯಾರದ ಪ್ರಕಾರ ಹೋಗೋಣವೆಂದು ಬೆಳಗಿನ ಐದೂವರೆಗೆ ಬೀದಿ ಗುಡಿಸಿದವರಿಂದ ಆರಂಭಿಸಿ, ರಾತ್ರಿ ಹನ್ನೊಂದಕ್ಕೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಎಣಿಸಿದ ಹುಡುಗರಲ್ಲಿ ಮುಗಿಸಿದೆ. ಅಧ್ಯಕ್ಷರು ಬರುವ ಹೊತ್ತಿಗೆ ಸಂಜೆ ಆರೂಕಾಲು. ಪಟ್ಟಿಯಲ್ಲಿ ಹದಿನಾಲ್ಕನೆಯವರಾದರು. ಅವರು ಬೆರಳು ಮಡಿಸಿ ಎಣಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಕೆಲಸವನ್ನು ಹೆಸರಿಟ್ಟು ಬರೆಯಲು ಹೊರಟಾಗ ಒಂದು ಸಂತೋಷವೂ ಸಿಕ್ಕಿತು ಎನ್ನಬೇಕು. 'ವೇದಿಕೆ ನಿರ್ವಹಣೆ' ಎಂದು ಬರೆದುಕೊಂಡಿದ್ದೆ. ಏನು ನಿರ್ವಹಿಸಿದಿರಿ ಎಂದು ಆ ಹುಡುಗಿಯನ್ನೇ ಕೇಳಿದೆ. ದೀಪ ಬೆಳಗಿಸುವ ಮುನ್ನ ಬತ್ತಿಗಳ ತುದಿಯನ್ನು ಎಣ್ಣೆಯಲ್ಲಿ ನೆನೆಸಿ, ಒಂದೊಂದರ ಮೇಲೂ ಚೂರು ಕರ್ಪೂರ ಇಟ್ಟು, ಅತಿಥಿಗಳು ಎದ್ದ ಕೂಡಲೇ ಪಕ್ಕದ ಫ್ಯಾನು ಆರಿಸಿ, ಐದನೆಯ ಬತ್ತಿ ಹತ್ತಿದ ಮೇಲೆ ಮತ್ತೆ ಹಾಕಿದ್ದಳಂತೆ. ಹೋದ ವರ್ಷ ಹನ್ನೊಂದು ಬೆಂಕಿಕಡ್ಡಿ ಗೀರಿ, ಕೊನೆಗೆ ಹತ್ತಿದಂತೆ ಅಭಿನಯಿಸಿ ಚಪ್ಪಾಳೆ ತಟ್ಟಿದ್ದು ನಮಗೆಲ್ಲ ನೆನಪಿತ್ತು. ಈ ವರ್ಷ ಅದು ಏಕೆ ಆಗಲಿಲ್ಲ ಎಂದು ಯಾರೂ ಯೋಚಿಸಿರಲಿಲ್ಲ. ನಾಡಗೀತೆ ಹಾಡಿದ ನಾಲ್ವರೂ ಹಾಗೆಯೇ. 2022ರಲ್ಲಿ ಸರ್ಕಾರ ನಿಗದಿ ಮಾಡಿದ ಎರಡೂವರೆ ನಿಮಿಷಕ್ಕೆ ಸರಿಯಾಗಿ ಮುಗಿಯಬೇಕೆಂದು ತಮ್ಮ ಮನೆಯ ಮಹಡಿಯಲ್ಲಿ ಗಡಿಯಾರ ಹಿಡಿದು ಒಂದು ವಾರ ಹಾಡಿಸಿದ ಟೀಚರ್ ಒಬ್ಬರಿದ್ದರು. ವೇದಿಕೆಗೆ ಅವರು ಹತ್ತಲೇ ಇಲ್ಲ.

ನಿಖರತೆಯ ರುಚಿ ಹತ್ತಿದ ಮೇಲೆ ನಾನು ಎಡವಿದೆ.

ಬಿಸಿಬೇಳೆಬಾತು ಆರುತ್ತಾ ಗಟ್ಟಿಯಾಗುತ್ತದೆ. ಮೊದಲ ಪಂಕ್ತಿಗೆ ಜಾರುವುದು ಮೂರನೆಯ ಪಂಕ್ತಿಗೆ ಸೌಟಿನಿಂದ ಬೀಳುವುದೇ ಇಲ್ಲ. ಮೂಲೆಮನೆಯ ಅಕ್ಕ ಒಲೆಯ ಪಕ್ಕ ಕುದಿನೀರಿನ ಪಾತ್ರೆ ಇಟ್ಟುಕೊಂಡು, ಪಂಕ್ತಿ ಪಂಕ್ತಿಗೂ ಎರಡು ಚೊಂಬು ಸುರಿದು, ಮೇಲೆ ತುಪ್ಪ ಬಿಟ್ಟು, ಅಡಿಯಿಂದ ಮಗುಚುತ್ತಿದ್ದರು. ಕಡೆಯ ಎಲೆಗೂ ಅದೇ ಹದ ಸಿಕ್ಕಿದ್ದು ಅವರಿಂದ. ಇದನ್ನು ನಾನು ಭಕ್ತಿಯಿಂದ 'ಬಿಸಿಬೇಳೆಬಾತಿಗೆ ಕೊನೆಯವರೆಗೂ ನೀರು ಬೆರೆಸಿದ ಸಹೋದರಿಗೆ' ಎಂದು ಬರೆದೆ. ಹಾಳೆ ತಲುಪಿದ ಅರ್ಧ ಗಂಟೆಗೆ ಅವರ ಯಜಮಾನರು ಗೇಟಿನ ಬಳಿ ನಿಂತಿದ್ದರು. 'ನೀರು ಬೆರೆಸುವುದಕ್ಕೆ ನಮ್ಮದೇನು ಹಾಲಿನ ವ್ಯಾಪಾರವೇ ಸ್ವಾಮಿ?'

ಚಪ್ಪಲಿ ಕಾದ ನಿವೃತ್ತ ಹಿರಿಯರಿಗೆ 'ಚಪ್ಪಲಿ ಕಾದವರು' ಎಂಬುದು ಹಿಡಿಸಲಿಲ್ಲ. 'ಪಾದರಕ್ಷಾ ವಿಭಾಗ' ಎಂದು ತಿದ್ದಿಕೊಟ್ಟೆ. ಅವರು ಒಬ್ಬರೇ ಇದ್ದ ವಿಭಾಗವದು.

ಇಷ್ಟು ಸಾಲದೆಂಬಂತೆ ಮುದ್ರಣದ ಅಂಗಡಿಯಲ್ಲಿ ಒಂದು ಅಕ್ಷರ ನುಸುಳಿತ್ತು. 'ವೇದಿಕೆಯ ಹಿಂದೆ ಎರಡು ಗಂಟೆ ಮಕ್ಕಳನ್ನು ಕಾದ ತಾಯಂದಿರಿಗೆ' ಎಂಬುದು 'ಮಕ್ಕಳನ್ನು ಕಾಡಿದ ತಾಯಂದಿರಿಗೆ' ಎಂದಾಗಿತ್ತು. ತಾಯಂದಿರು ಸಿಟ್ಟಾದರು. ಒನಕೆ ಓಬವ್ವನ ವೇಷ ಹಾಕಿದ್ದ ಹುಡುಗಿಯೊಬ್ಬಳು ಮಾತ್ರ ಹಾಳೆಯನ್ನು ಎರಡು ಸಲ ಓದಿ, ಅದು ಸರಿಯಾಗಿಯೇ ಇದೆಯೆಂದು ಹೇಳಿದಳಂತೆ. ಆದರೂ ತೊಂಬತ್ತು ಹಾಳೆಗಳ ಮೇಲೆ ಕುಳಿತು ಒಂದು ಅಕ್ಷರವನ್ನು ಪೆನ್ನಿನಿಂದ ಹೊಡೆದುಹಾಕಿದೆ.

ಅಜ್ಜಿಯ ಹಾಳೆಯನ್ನು ನಾನೇ ಒಯ್ದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಬೀದಿ ಗುಡಿಸಿದವರಿಂದ ಓದುತ್ತಾ ಬಂದರು. ತಮ್ಮ ಸಾಲಿನಲ್ಲಿ ಬೆರಳು ನಿಂತಿತು: 'ತಮ್ಮ ನಡುಮನೆಯನ್ನು ಬಣ್ಣದ ಕೋಣೆಯಾಗಿ ಬಿಟ್ಟುಕೊಟ್ಟು, ಜಾರುವ ಪಂಚೆಗಳಿಗೆಲ್ಲ ಸೇಫ್ಟಿ ಪಿನ್ನು ಒದಗಿಸಿದ ಎದುರು ಮನೆಯ ಅಜ್ಜಿಯವರಿಗೆ.'

ಸ್ವಲ್ಪ ಹೊತ್ತು ಮಾತಿಲ್ಲ. ಕಣ್ಣು ತುಂಬಿ ಬಂದಿರಬೇಕೆಂದು ನಾನು ಗೋಡೆಯ ಮೇಲಿನ ಅಂಗೈ ಗುರುತಿನ ಕಡೆ ಮುಖ ತಿರುಗಿಸಿದೆ.

'ಇಪ್ಪತ್ತನಾಲ್ಕು ಪಿನ್ನು ಕೊಟ್ಟಿದ್ದೆ' ಎಂದರು. 'ಹನ್ನೊಂದೇ ಬಂದಿವೆ. ಅದನ್ನು ಬರೆದಿಲ್ಲವಲ್ಲ?'

ಈಗ ಮತ್ತೆ ಮನೆಮನೆ ಸುತ್ತುತ್ತಿದ್ದೇನೆ. ಒಂಬತ್ತು ಸಿಕ್ಕಿವೆ. ಓಬವ್ವನ ಮನೆಯಲ್ಲಿ ಎರಡಿವೆಯೆಂದು ಸುದ್ದಿ ಇದೆ. ಏಣಿಯೂ ಅಲ್ಲೇ ಇದೆಯಂತೆ.